ಹಳಸಿದ ಚಟ್ನಿಗೆ ರಿಫಂಡ್ ಪಡೆದರೆ ಅಡುಗೆಮನೆಯ ಮೇಲಿನ ದೂರು ಕೈಬಿಟ್ಟಂತಾಗುತ್ತದೆಯೇ?

ಶ್ಯಾಮಲಾ, ಮೈಸೂರು

ಕಳೆದ ಶನಿವಾರ ರಾತ್ರಿ ಆ್ಯಪ್ ಮೂಲಕ ಎರಡು ಪ್ಲೇಟ್ ಇಡ್ಲಿ, ಒಂದು ಬಿಸಿಬೇಳೆಬಾತ್ ಮತ್ತು ಒಂದು ಮೊಸರನ್ನ ತರಿಸಿದ್ದೆವು. ಬಿಲ್ಲು 412 ರೂಪಾಯಿ. ಪಾರ್ಸಲ್ 8.10ಕ್ಕೆ ಬಂದಿತು. ನಮ್ಮ ಮಾವನವರಿಗೆ 74 ವರ್ಷ; ಅವರು ಬೇಗ ಊಟ ಮಾಡುವ ರೂಢಿಯವರಾದ್ದರಿಂದ ಮೊದಲು ಅವರಿಗೇ ಮೊಸರನ್ನ ಹಾಗೂ ಒಂದು ಇಡ್ಲಿಯನ್ನು ಚಟ್ನಿಯೊಂದಿಗೆ ಬಡಿಸಿದೆವು. ಆಮೇಲೆ ನಾನು ಎರಡನೆಯ ಚಟ್ನಿ ಡಬ್ಬಿಯನ್ನು ತೆರೆಯಲು ಹೋದಾಗ ಮುಚ್ಚಳ ಉಬ್ಬಿಕೊಂಡಿತ್ತು, ತೆರೆದೊಡನೆ ಗಾಳಿ ಹೊರಬಂದಿತು, ಹುಳಿ ವಾಸನೆ ಮೂಗಿಗೆ ಹೊಡೆಯಿತು, ಚಮಚದಲ್ಲಿ ಎತ್ತಿದರೆ ಚಟ್ನಿ ಎಳೆ ಎಳೆಯಾಗಿ ಬಂದಿತು. ಸುಮಾರು 10.15ಕ್ಕೆ ಮಾವನವರಿಗೆ ವಾಂತಿ ಶುರುವಾಯಿತು. ಹತ್ತಿರದ ವೈದ್ಯರು ನೋಡಿ ಓ.ಆರ್.ಎಸ್. ಕುಡಿಸಲು ಹೇಳಿದರು; ಬೆಳಗಿನ ಹೊತ್ತಿಗೆ ಸುಧಾರಿಸಿಕೊಂಡರು.

ಆ್ಯಪ್‌ನವರಿಗೆ ಫೋಟೊ ಕಳುಹಿಸಿದಾಗ ಮೊದಲು 50 ರೂಪಾಯಿಯ ಕೂಪನ್ ಕೊಡುತ್ತೇವೆಂದರು. ಒಪ್ಪದಿದ್ದಾಗ ಇಡ್ಲಿಯ ಬೆಲೆಯಾದ 120 ರೂಪಾಯಿಯನ್ನು ಅವರದೇ ವ್ಯಾಲೆಟ್‌ಗೆ ಹಾಕುತ್ತೇವೆ, ಒಪ್ಪಿದರೆ ದೂರು ಇತ್ಯರ್ಥವಾಯಿತೆಂದು ಪರಿಗಣಿಸಲಾಗುತ್ತದೆ ಎಂದು ಬರೆದರು. ನನಗೆ ಪೂರ್ತಿ ಹಣ ನನ್ನ ಬ್ಯಾಂಕ್ ಖಾತೆಗೇ ಬರಬೇಕು. ಆದರೆ ಅದಕ್ಕಿಂತ ಹೆಚ್ಚಾಗಿ, ಆ ಚಟ್ನಿ ಅದೇ ರಾತ್ರಿ ಇನ್ನೆಷ್ಟು ಮನೆಗಳಿಗೆ ಹೋಗಿರಬಹುದು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ. ರಿಫಂಡ್ ಒಪ್ಪಿಕೊಂಡರೆ ಅಡುಗೆಮನೆಯ ಬಗ್ಗೆ ದೂರು ಕೊಡುವ ಹಕ್ಕು ಹೋಗುತ್ತದೆಯೇ? ಇನ್ನೊಂದು ವಿಷಯವೆಂದರೆ, ಆ್ಯಪ್‌ನಲ್ಲಿ ನಾವು ನೋಡಿದ ಹೋಟೆಲಿನ ಹೆಸರು ಬಿಲ್ಲಿನಲ್ಲಿಲ್ಲ, ಅಲ್ಲಿ ಬೇರೆಯೇ ಹೆಸರಿದೆ.

ರಾಘವೇಂದ್ರ, ಹುಬ್ಬಳ್ಳಿ

ಮೇಡಂ, ದಯವಿಟ್ಟು ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ಹಣ ಪಡೆದ ಕ್ಷಣವೇ ನಿಮ್ಮ ಪ್ರಕರಣ ಮುಗಿದುಹೋಗುತ್ತದೆ. ಆಹಾರ ಸುರಕ್ಷತಾ ಕಾಯ್ದೆ, 2006ರ 40ನೇ ಕಲಮಿನ ಪ್ರಕಾರ ಖರೀದಿದಾರರು ತಾವೇ ಆಹಾರವನ್ನು ಸರ್ಕಾರಿ ವಿಶ್ಲೇಷಕರಿಗೆ ಕೊಟ್ಟು ವರದಿ ಪಡೆಯಬಹುದು, ಆ ವರದಿ 14 ದಿನಗಳಲ್ಲಿ ಬರಬೇಕು. ಉಳಿದ ಚಟ್ನಿಯನ್ನು ಫ್ರಿಜ್‌ನಲ್ಲಿಟ್ಟು ಪ್ರಯೋಗಾಲಯಕ್ಕೆ ಕೊಡಿ. ವರದಿ ಬಂದ ಮೇಲೆ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿ ಪರಿಹಾರ ಕೇಳಿ. ಅಷ್ಟು ಕೇಳದಿದ್ದರೆ ಇವರಿಗೆ ಬುದ್ಧಿ ಬರುವುದಿಲ್ಲ.

ನಿವೃತ್ತ ಆಹಾರ ಸುರಕ್ಷತಾಧಿಕಾರಿ, ದಾವಣಗೆರೆ

ರಾಘವೇಂದ್ರ ಅವರು ಹೇಳಿದ ಕಲಮು ಇರುವುದು ನಿಜ, ಆದರೆ ಅದರ ಕೊನೆಯಲ್ಲೊಂದು ಷರತ್ತಿದೆ. ವಿಶ್ಲೇಷಣೆ ಮಾಡಿಸುವ ಉದ್ದೇಶವಿದೆ ಎಂದು ಖರೀದಿಸುವ ಸಮಯದಲ್ಲಿಯೇ ಮಾರುವವರಿಗೆ ತಿಳಿಸಿರಬೇಕು. ಮನೆಗೆ ಬಂದು, ತಿಂದು, ಆಮೇಲೆ ಅನುಮಾನ ಬಂದ ಪಾರ್ಸಲ್ಲಿಗೆ ಅದು ಹೊಂದುವುದಿಲ್ಲ. ಚಮಚ ಹಾಕಿದ ಡಬ್ಬಿಯನ್ನು ಮೂರು ದಿನ ಫ್ರಿಜ್‌ನಲ್ಲಿಟ್ಟು ಪರೀಕ್ಷೆಗೆ ಕೊಟ್ಟರೆ, ಅದರಲ್ಲಿ ಸಿಕ್ಕ ಸೂಕ್ಷ್ಮಜೀವಿ ಅಡುಗೆಮನೆಯಿಂದ ಬಂದಿತೋ ನಿಮ್ಮ ಚಮಚದಿಂದ ಬಂದಿತೋ ಎಂದು ಎದುರು ಪಕ್ಷದ ವಕೀಲರು ಕೇಳುತ್ತಾರೆ, ಆ ಪ್ರಶ್ನೆಗೆ ಉತ್ತರವಿರುವುದಿಲ್ಲ. ಖಾಸಗಿ ಪ್ರಯೋಗಾಲಯದಲ್ಲಿ ನಿಮ್ಮ ಸಮಾಧಾನಕ್ಕೆ ಪರೀಕ್ಷೆ ಮಾಡಿಸಬಹುದು, ಆದರೆ ಅದಕ್ಕೆ ತಗಲುವ ಹಣ ನಿಮ್ಮ ಬಿಲ್ಲಿಗಿಂತ ಬಹಳ ಹೆಚ್ಚಾಗುತ್ತದೆ. ಪರಿಹಾರದ ಮೊತ್ತದ ಬಗ್ಗೆಯೂ ಒಂದು ಮಾತು: ಅದೇ ಕಾಯ್ದೆಯ 65ನೇ ಕಲಮಿನಲ್ಲಿ ಐದು ಲಕ್ಷಕ್ಕೆ ಕಡಿಮೆಯಿಲ್ಲದ ಪರಿಹಾರವಿರುವುದು ಸಾವು ಸಂಭವಿಸಿದ ಪ್ರಕರಣಕ್ಕೆ. ತೀವ್ರ ಸ್ವರೂಪದ್ದಲ್ಲದ ಹಾನಿಗೆ ಅಲ್ಲಿ ಗರಿಷ್ಠ ಮಿತಿ ಒಂದು ಲಕ್ಷ.

ಈಗ ಶ್ಯಾಮಲಾ ಅವರ ಮೂಲ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಎರಡು ದೂರುಗಳಿವೆ, ಅವನ್ನು ಒಂದೇ ಕಾಗದದಲ್ಲಿ ಸೇರಿಸಿದ್ದರಿಂದಲೇ ಅನೇಕರಿಗೆ ಎರಡೂ ಕೈತಪ್ಪುವುದನ್ನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ. ಕೊಟ್ಟ ಹಣಕ್ಕೆ ತಕ್ಕ ಊಟ ಬರಲಿಲ್ಲ ಎಂಬುದು ನಿಮ್ಮ ಮತ್ತು ಮಾರಿದವರ ನಡುವಿನ ವಿಷಯ. ಅಲ್ಲಿ ನೀವು ಹಣ ಪಡೆಯಬಹುದು, ಬಿಡಬಹುದು, ರಾಜಿಯನ್ನೂ ಮಾಡಿಕೊಳ್ಳಬಹುದು. ಅಡುಗೆಮನೆ ಅಶುಚಿಯಾಗಿದೆ ಎಂಬುದು ಸರ್ಕಾರಕ್ಕೂ ಆ ಅಡುಗೆಮನೆಗೂ ಸಂಬಂಧಿಸಿದ ವಿಷಯವಾದ್ದರಿಂದ ಅದನ್ನು 120 ರೂಪಾಯಿಗೆ ನೀವು ಮಾರಲೂ ಆಗುವುದಿಲ್ಲ, ಅವರು ಕೊಳ್ಳಲೂ ಆಗುವುದಿಲ್ಲ. ರಿಫಂಡ್ ಪಡೆದವರು ಕೊಟ್ಟ ದೂರು ಎಂಬ ಕಾರಣಕ್ಕೆ ಯಾವ ಅಧಿಕಾರಿಯೂ ಅದನ್ನು ತಳ್ಳಿಹಾಕುವಂತಿಲ್ಲ. ಎಚ್ಚರಿಕೆ ಬೇಕಾದ ಜಾಗ ಒಂದೇ: ಮುಂದೆ ವೈದ್ಯರ ಖರ್ಚು ಮತ್ತು ತೊಂದರೆಗೆ ಗ್ರಾಹಕ ಆಯೋಗದಲ್ಲಿ ಪರಿಹಾರ ಕೇಳುವ ಮನಸ್ಸಿದ್ದರೆ, ಎಲ್ಲವೂ ಇತ್ಯರ್ಥವಾಯಿತೆಂಬ ಒಪ್ಪಿಗೆಯ ಗುಂಡಿಯನ್ನು ಒತ್ತಬೇಡಿ. ಅದರ ಬದಲು, ಈ ಹಣವನ್ನು ಆಹಾರದ ಬೆಲೆಯೆಂದು ಮಾತ್ರ ಸ್ವೀಕರಿಸುತ್ತೇನೆ, ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ ಎಂದು ಬರವಣಿಗೆಯಲ್ಲಿ ತಿಳಿಸಿ.

ಬಿಲ್ಲಿನಲ್ಲಿ ಹೆಸರು ಬೇರೆ ಇರುವುದನ್ನು ನೀವು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಒಂದೇ ಅಡುಗೆಮನೆ ಆ್ಯಪ್‌ನಲ್ಲಿ ಇಡ್ಲಿಗೊಂದು, ಬಿರಿಯಾನಿಗೊಂದು, ರೋಲ್‌ಗಳಿಗೊಂದು ಹೆಸರಿಟ್ಟುಕೊಂಡಿರುವುದು ಈಗ ಸಾಮಾನ್ಯ. ಆ್ಯಪ್‌ನ ಹೆಸರಿನಲ್ಲಿ ದೂರು ಕೊಟ್ಟರೆ ಆ ಹೆಸರಿನ ಹೋಟೆಲ್ ನಮ್ಮ ಕಡತದಲ್ಲಿಲ್ಲ ಎಂದು ಕಾಗದ ಹಿಂದಿರುಗುವ ಸಂಭವವಿದೆ. ಬಿಲ್ಲಿನಲ್ಲಿ ಅಥವಾ ಆ್ಯಪ್‌ನ ಹೋಟೆಲ್ ಪುಟದ ಕೆಳತುದಿಯಲ್ಲಿ 14 ಅಂಕೆಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುತ್ತದೆ. ಅದು 112ರಿಂದ ಆರಂಭವಾದರೆ ಕರ್ನಾಟಕದ ಪರವಾನಗಿ, 212ರಿಂದ ಆರಂಭವಾದರೆ ಸಣ್ಣ ವ್ಯಾಪಾರದ ನೋಂದಣಿ. foscos.fssai.gov.in ತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಿ, ಯಾರ ಹೆಸರಿನಲ್ಲಿ, ಯಾವ ವಿಳಾಸಕ್ಕೆ ಕೊಟ್ಟದ್ದೆಂಬುದು ತಿಳಿಯುತ್ತದೆ.

ಪ್ರಸನ್ನ, ಬೆಂಗಳೂರು

ನನ್ನ ಅನುಭವವೂ ಇದೇ ರೀತಿಯದು. ನಾವು ಹುಟ್ಟಿನಿಂದ ಸಸ್ಯಾಹಾರಿಗಳು. ಪನೀರ್ ಬಿರಿಯಾನಿ ಆರ್ಡರ್ ಮಾಡಿದರೆ ಕೋಳಿ ಬಿರಿಯಾನಿ ಬಂದಿತು, ನನ್ನ ಮಗಳು ಎರಡು ತುತ್ತು ತಿಂದ ಮೇಲೆ ಗೊತ್ತಾಯಿತು. ಹಣವೇನೋ ಪೂರ್ತಿ ಬಂದಿತು, ಆದರೆ ಆ ಮಗುವಿನ ಅಳುವಿಗೆ ಯಾವ ರಿಫಂಡ್ ಸಮ? ಅಡುಗೆಮನೆಯ ಅಶುಚಿತ್ವದ ಮೇಲೆಯೇ ದೂರು ಕೊಟ್ಟೆ, ಅಧಿಕಾರಿಗಳು ಹೋಗಿ ನೋಡಿ ಎಲ್ಲವೂ ಸ್ವಚ್ಛವಾಗಿದೆಯೆಂದು ವರದಿ ಬರೆದರು. ಆದ್ದರಿಂದ ಅವರನ್ನು ನಂಬಿ ಪ್ರಯೋಜನವಿಲ್ಲ.

ನಿವೃತ್ತ ಆಹಾರ ಸುರಕ್ಷತಾಧಿಕಾರಿ, ದಾವಣಗೆರೆ

ಪ್ರಸನ್ನ ಅವರೇ, ನಿಮ್ಮ ಮಗಳಿಗಾದ ನೋವು ಸಣ್ಣದಲ್ಲ. ಆದರೆ ಅದು ಅಶುಚಿತ್ವದ ದೂರಲ್ಲ, ಕೇಳಿದ ಪದಾರ್ಥದ ಬದಲು ಬೇರೊಂದನ್ನು ಕೊಟ್ಟ ದೂರು. ಕಾಯ್ದೆಯಲ್ಲಿ ಅದಕ್ಕೆ 50ನೇ ಕಲಮೇ ಬೇರೆಯಾಗಿದೆ; ಅಶುಚಿಯಾಗಿ ತಯಾರಿಸಿದ್ದಕ್ಕೆ 56ನೇ ಕಲಮು. ಪಾರ್ಸಲ್ ಕಟ್ಟುವ ಕಟ್ಟೆಯಲ್ಲಿ ಎರಡು ಚೀಟಿಗಳು ಅದಲುಬದಲಾದದ್ದಕ್ಕೆ ಅಧಿಕಾರಿ ಹೋಗಿ ನೆಲ, ಚರಂಡಿ, ಫ್ರಿಜ್ ನೋಡಿದರೆ ಎಲ್ಲವೂ ಸ್ವಚ್ಛವಾಗಿಯೇ ಕಾಣುತ್ತದೆ. ಸಸ್ಯಾಹಾರ ಮತ್ತು ಮಾಂಸಾಹಾರವನ್ನು ಎಲ್ಲಿ ಕಟ್ಟುತ್ತಾರೆ, ಡಬ್ಬಿಯ ಮೇಲೆ ಗುರುತು ಹಾಕುತ್ತಾರೆಯೇ ಎಂಬುದನ್ನು ಪರಿಶೀಲಿಸಿರೆಂದು ನೀವು ಕೇಳಿದ್ದರೆ ತಪಾಸಣೆ ಬೇರೆ ರೀತಿ ನಡೆಯುತ್ತಿತ್ತು.

ಸುಧಾಕರ, ಹೋಟೆಲ್ ನಡೆಸುವವರು, ಶಿವಮೊಗ್ಗ

ಶ್ಯಾಮಲಾ ಮೇಡಂ ಅವರ ಮಾತನ್ನು ನಾನು ನಂಬುತ್ತೇನೆ. ಆದರೂ ನಮ್ಮ ಕಡೆಯ ಕಷ್ಟವನ್ನೂ ಹೇಳಬೇಕು. ಆ್ಯಪ್‌ನವರು ಗ್ರಾಹಕರಿಗೆ ಕೊಟ್ಟ ರಿಫಂಡನ್ನು ಹಲವು ಬಾರಿ ನಮ್ಮ ಖಾತೆಯಿಂದಲೇ ಕಡಿತ ಮಾಡುತ್ತಾರೆ, ನಮ್ಮನ್ನು ಒಂದು ಮಾತೂ ಕೇಳದೆ. ಊಟ ಪೂರ್ತಿ ಮುಗಿಸಿ ಖಾಲಿ ಡಬ್ಬಿಯ ಫೋಟೊ ಕಳುಹಿಸಿ ಹಣ ಕೇಳುವವರೂ ಇದ್ದಾರೆ. ಕಾಯಿ ಚಟ್ನಿ ಸೂಕ್ಷ್ಮ ಪದಾರ್ಥ; ಕುದಿಯುವ ಸಾಂಬಾರಿನ ಡಬ್ಬಿ ಮತ್ತು ಬಿಸಿ ಇಡ್ಲಿಯ ಜೊತೆ ಒಂದೇ ಚೀಲದಲ್ಲಿ ಕಟ್ಟಿ, ಮುಕ್ಕಾಲು ಗಂಟೆ ಬೈಕ್‌ನಲ್ಲಿ ಹೋದರೆ ಅದು ಕೆಡುವ ಸಾಧ್ಯತೆ ಇದ್ದೇ ಇದೆ. ಅದಕ್ಕೆ ಅಡುಗೆಮನೆಯನ್ನು ದೂರುವುದು ಸರಿಯೇ?

ಮಂಜುನಾಥ, ಡೆಲಿವರಿ ಕೆಲಸ, ಮೈಸೂರು

ನಾವು ಕಟ್ಟನ್ನು ಬಿಚ್ಚಿ ನೋಡುವಂತಿಲ್ಲ, ಒಳಗೇನಿದೆ ಎಂದು ನಮಗೆ ಗೊತ್ತಾಗುವುದಿಲ್ಲ. ಆದರೂ ಊಟ ಕೆಟ್ಟಿದ್ದರೆ ಜನ ಮೊದಲು ಬೈಯುವುದು ನಮ್ಮನ್ನು, ಕಡಿಮೆ ಸ್ಟಾರ್ ಕೊಡುವುದು ನಮಗೆ. ದೂರು ಬರೆಯುವಾಗ ತಂದುಕೊಟ್ಟವರ ತಪ್ಪು ಮತ್ತು ಊಟದ ತಪ್ಪನ್ನು ದಯವಿಟ್ಟು ಬೇರೆ ಬೇರೆ ಮಾಡಿ.

ನಿವೃತ್ತ ಆಹಾರ ಸುರಕ್ಷತಾಧಿಕಾರಿ, ದಾವಣಗೆರೆ

ಸುಧಾಕರ ಅವರು ಎತ್ತಿದ ಪ್ರಶ್ನೆ ಮುಖ್ಯವಾದದ್ದು, ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು; ನಡುವಿನ ಉಷ್ಣತೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬಿಸಿ ಇಡ್ಲಿಯ ಪಕ್ಕದಲ್ಲಿಟ್ಟ ಚಟ್ನಿ ಸರಿಯಾಗಿ ಆ ನಡುವಿನ ಉಷ್ಣತೆಗೇ ಬರುತ್ತದೆ, ಆದ್ದರಿಂದ ಒಂದೇ ಚೀಲದಲ್ಲಿ ಕಟ್ಟುವುದು ತಪ್ಪು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಬಹಳ ಅನುಕೂಲ ಸಿಕ್ಕರೂ ಸೂಕ್ಷ್ಮಜೀವಿಗಳು ಇಮ್ಮಡಿಯಾಗಲು ಸುಮಾರು 20 ನಿಮಿಷ ಬೇಕು. ಮುಕ್ಕಾಲು ಗಂಟೆಯಲ್ಲಿ ಎರಡು ಬಾರಿ ಇಮ್ಮಡಿಯಾದರೆ ನಾಲ್ಕು ಪಟ್ಟಾಯಿತು, ಅಷ್ಟೇ. ಮಧ್ಯಾಹ್ನ ಅಥವಾ ಸಂಜೆ ರುಬ್ಬಿ ತಣ್ಣಗಿಟ್ಟಿದ್ದ ಚಟ್ನಿಯಲ್ಲಿ ಅಷ್ಟರಿಂದ ಎಳೆ ಬರುವುದಿಲ್ಲ, ಮುಚ್ಚಳ ಉಬ್ಬುವಷ್ಟು ಗಾಳಿ ಹುಟ್ಟುವುದಿಲ್ಲ. ಮುಚ್ಚಳ ಮಾತ್ರ ಉಬ್ಬಿದ್ದರೆ ಬಿಸಿಯಿಂದ ಹಿಗ್ಗಿದ ಗಾಳಿಯೆಂದು ಬಿಡಬಹುದಿತ್ತು. ಉಬ್ಬು, ಹುಳಿ ವಾಸನೆ, ಎಳೆ ಈ ಮೂರೂ ಒಟ್ಟಿಗೆ ಇದ್ದರೆ ಆ ಚಟ್ನಿ ಕಟ್ಟುವ ಮೊದಲೇ ಹಲವು ಗಂಟೆ ಹೊರಗಿತ್ತು, ಇಲ್ಲವೇ ಬೆಳಗಿನ ಉಳಿದ ಚಟ್ನಿಗೆ ಹೊಸದನ್ನು ಬೆರೆಸಿದ್ದರು ಎಂಬ ಅನುಮಾನ ಬಲವಾಗುತ್ತದೆ. ಈ ಎರಡನೆಯದನ್ನು ನಾನು ತಪಾಸಣೆಗಳಲ್ಲಿ ಹೆಚ್ಚಾಗಿ ಕಂಡಿದ್ದೇನೆ. ಹೆಪ್ಪು ಹಾಕಿದ ಹಾಗೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಶ್ಯಾಮಲಾ ಅವರಿಗೆ ಇನ್ನೊಂದು ಮಾತು. ನಿಮ್ಮ ಮಾವನವರಿಗೆ ವಾಂತಿಯಾದದ್ದು ಚಟ್ನಿಯಿಂದಲೇ ಎಂದು ದೂರಿನಲ್ಲಿ ಬರೆಯಬೇಡಿ. ವಾಸನೆ ಬರಿಸುವ ಜೀವಿಗಳೇ ಹೊಟ್ಟೆ ಕೆಡಿಸುತ್ತವೆ ಎಂಬ ನಿಯಮವಿಲ್ಲ. ತಿಂದ ಎರಡು ಗಂಟೆಗಳ ಒಳಗೆ, ಜ್ವರವಿಲ್ಲದೆ ವಾಂತಿಯಾದರೆ ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷಪದಾರ್ಥವನ್ನು ಅನುಮಾನಿಸುತ್ತೇವೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿಯುತ್ತವೆ. ದೊಡ್ಡ ಪಾತ್ರೆಯ ಅನ್ನವನ್ನು ಮೊಸರು ಕಲಸುವ ಮೊದಲು ಗಂಟೆಗಟ್ಟಲೆ ಉಗುರುಬೆಚ್ಚಗೆ ಬಿಟ್ಟರೆ ಅವು ಬೆಳೆದು ವಾಂತಿ ಬರಿಸುವ ವಿಷವನ್ನು ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಆದ್ದರಿಂದ ತಪ್ಪು ಚೆನ್ನಾಗಿಯೇ ಕಾಣುತ್ತಿದ್ದ ಮೊಸರನ್ನದ್ದಾಗಿರಬಹುದು. ಅಡುಗೆಯವರ ಕೈಗಾಯದಿಂದ ಬರುವ ಸ್ಟ್ಯಾಫಿಲೊಕಾಕಸ್ ಕೂಡ ಇಷ್ಟೇ ಹೊತ್ತಿನಲ್ಲಿ ವಾಂತಿ ಮಾಡಿಸುತ್ತದೆ. ನೀವು ಕಾರಣವನ್ನು ತೀರ್ಮಾನಿಸಲು ಹೋಗದೆ, ಏನು ತಿಂದರು, ಎಷ್ಟು ಗಂಟೆಗೆ ತಿಂದರು, ಎಷ್ಟು ಗಂಟೆಗೆ ವಾಂತಿಯಾಯಿತು ಎಂದಷ್ಟೇ ಬರೆದು ವೈದ್ಯರ ಚೀಟಿಯ ಪ್ರತಿಯನ್ನು ಲಗತ್ತಿಸಿ. ಆಗ ಅಧಿಕಾರಿ ಚಟ್ನಿಯ ಜೊತೆ ಅನ್ನವನ್ನು ಹೇಗೆ ಆರಿಸುತ್ತಾರೆ ಎಂಬುದನ್ನೂ ನೋಡುತ್ತಾರೆ.

ಶ್ಯಾಮಲಾ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ಮೊಸರನ್ನದ ವಿಷಯ ನನಗೆ ಹೊಳೆದೇ ಇರಲಿಲ್ಲ. ಸಂಖ್ಯೆಯನ್ನು ಹಾಕಿ ನೋಡಿದಾಗ ಬಿಲ್ಲಿನ ಹೆಸರಿಗೇ ಪರವಾನಗಿ ಇರುವುದೂ ವಿಳಾಸ ನಮ್ಮ ಬಡಾವಣೆಯ ಹಿಂದಿನ ರಸ್ತೆಯದೇ ಎಂಬುದೂ ತಿಳಿಯಿತು. ಅದೇ ಸಂಖ್ಯೆ ಆ್ಯಪ್‌ನಲ್ಲಿ ಇನ್ನೂ ಎರಡು ಹೋಟೆಲ್ ಹೆಸರುಗಳ ಕೆಳಗೂ ಇದೆ. ಆಹಾರ ಸುರಕ್ಷತೆಯ ದೂರನ್ನು ಹೀಗೆ ಬರೆದಿದ್ದೇನೆ, ತಿದ್ದಿಕೊಡಿ:

"ಮೇಲ್ಕಂಡ ಪರವಾನಗಿ ಸಂಖ್ಯೆಯ ಅಡುಗೆಮನೆಯಿಂದ ಶನಿವಾರ ರಾತ್ರಿ 8.10ಕ್ಕೆ ತಲುಪಿದ ಪಾರ್ಸಲ್ಲಿನಲ್ಲಿ ಕಾಯಿ ಚಟ್ನಿ ಹುಳಿತು, ಎಳೆ ಬಂದು, ಡಬ್ಬಿಯ ಮುಚ್ಚಳ ಉಬ್ಬಿತ್ತು. ಅದಕ್ಕೂ ಮೊದಲು 8.20ಕ್ಕೆ ಮೊಸರನ್ನ ಮತ್ತು ಚಟ್ನಿಯೊಂದಿಗೆ ಒಂದು ಇಡ್ಲಿ ತಿಂದಿದ್ದ 74 ವರ್ಷದವರಿಗೆ 10.15ಕ್ಕೆ ವಾಂತಿಯಾಗಿದೆ. ಅದೇ ಆಹಾರ ತಿನ್ನದ ಇಬ್ಬರಿಗೆ ಏನೂ ಆಗಿಲ್ಲ. ಬಿಲ್ಲು, ಫೋಟೊಗಳು ಮತ್ತು ವೈದ್ಯರ ಚೀಟಿ ಲಗತ್ತಿಸಿದೆ. ಚಟ್ನಿ ರುಬ್ಬುವ ಮತ್ತು ಇಡುವ ಕ್ರಮ, ಅನ್ನ ಆರಿಸುವ ಕ್ರಮ, ಫ್ರಿಜ್‌ನ ಉಷ್ಣತೆ, ನೀರಿನ ಪರೀಕ್ಷಾ ವರದಿ, ಕೆಲಸಗಾರರ ವೈದ್ಯಕೀಯ ಪ್ರಮಾಣಪತ್ರ ಇವುಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ಈ ದೂರಿನಲ್ಲಿ ಹಣದ ಬೇಡಿಕೆ ಇಲ್ಲ."

ನಿವೃತ್ತ ಆಹಾರ ಸುರಕ್ಷತಾಧಿಕಾರಿ, ದಾವಣಗೆರೆ

ತಿದ್ದುವಂಥದ್ದು ಬಹಳವಿಲ್ಲ. ಅದೇ ಸಂಖ್ಯೆಯಲ್ಲಿ ನಡೆಯುತ್ತಿರುವ ಇನ್ನೆರಡು ಹೆಸರುಗಳನ್ನೂ ಸೇರಿಸಿ. ಕೊನೆಯ ವಾಕ್ಯವನ್ನು ಹಾಗೆಯೇ ಉಳಿಸಿ, ಹಣಕ್ಕಾಗಿ ಒತ್ತಡ ಹೇರುತ್ತಿದ್ದಾರೆಂಬ ಮಾತಿಗೆ ಅದೇ ಉತ್ತರ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದಾಖಲಿಸಿ, ಪ್ರತಿಯೊಂದನ್ನು ಆಹಾರ ಸುರಕ್ಷತಾ ಇಲಾಖೆಯ ಜಿಲ್ಲಾ ಅಂಕಿತಾಧಿಕಾರಿಗಳ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಹಣದ ದೂರನ್ನು ಆ್ಯಪ್‌ನ ಚಾಟ್‌ನಲ್ಲಿ ಮುಂದುವರಿಸಬೇಡಿ, ಅವರ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಅಧಿಕಾರಿ 48 ಗಂಟೆಗಳಲ್ಲಿ ಸ್ವೀಕೃತಿ ನೀಡಬೇಕು, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ಮಾರಿದವರ ವಿಳಾಸ ಮತ್ತಿತರ ವಿವರಗಳನ್ನು ಬರವಣಿಗೆಯಲ್ಲಿ ಕೇಳಿದರೆ ಕೊಡುವ ಬಾಧ್ಯತೆಯೂ ಅವರಿಗಿದೆ. ಅಲ್ಲಿ ಆಗದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶವಿದೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದ್ದರಿಂದ ಅವಸರ ಬೇಡ.

ರಾಘವೇಂದ್ರ, ಹುಬ್ಬಳ್ಳಿ

40ನೇ ಕಲಮಿನ ಷರತ್ತನ್ನು ಈಗ ಓದಿ ನೋಡಿದೆ, ಸರ್ ಹೇಳಿದ್ದು ಸರಿ. ಆದರೆ ಮೊತ್ತದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. 412 ರೂಪಾಯಿ ವಾಪಸು ಕೊಡುವುದು ಅವರಿಗೆ ದಂಡವೇ ಅಲ್ಲ. ಹಿರಿಯರೊಬ್ಬರ ಆರೋಗ್ಯದ ಜೊತೆ ಆಟವಾಡಿದ್ದಕ್ಕೆ ಬೆಲೆ ತೆರುವಂತಾಗಬೇಕು.

ಸುಧಾಕರ, ಹೋಟೆಲ್ ನಡೆಸುವವರು, ಶಿವಮೊಗ್ಗ

ಇಮ್ಮಡಿಯಾಗುವ ಲೆಕ್ಕವನ್ನು ಒಪ್ಪಿದೆ. ನಮ್ಮಲ್ಲಿ ಸಂಜೆಯ ಚಟ್ನಿಯನ್ನು ಸಂಜೆಯೇ ರುಬ್ಬುತ್ತೇವೆ, ಬೆಳಗಿನದು ಉಳಿದರೆ ಚೆಲ್ಲುತ್ತೇವೆ. ಹಾಗೆ ಮಾಡದವರಿಂದ ನಮ್ಮಂಥವರ ಹೆಸರೂ ಕೆಡುತ್ತದೆ ಎಂಬುದು ನನಗೂ ನೋವಿನ ವಿಷಯವೇ. ಮೇಡಂ ಅವರಲ್ಲಿ ಒಂದೇ ವಿನಂತಿ: ತಪಾಸಣೆ ಮುಗಿಯುವವರೆಗೆ ಆ ಹೋಟೆಲಿನ ಹೆಸರನ್ನು ಎಲ್ಲ ಗುಂಪುಗಳಲ್ಲಿ ಹಂಚಬೇಡಿ. ಅಲ್ಲಿ ಕೆಲಸ ಮಾಡುವ ಹತ್ತು ಜನರ ಸಂಬಳ ಅದರ ಮೇಲಿರುತ್ತದೆ.

ಪ್ರಸನ್ನ, ಬೆಂಗಳೂರು

ಇದನ್ನು ನಾನು ಒಪ್ಪುವುದಿಲ್ಲ. ತಪಾಸಣೆ ಮುಗಿಯುವವರೆಗೆ ಅಲ್ಲಿಂದ ಊಟ ತರಿಸುವ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಏನು ಮಾಡಬೇಕು? ಫೋಟೊ ಸಹಿತ ನಿಜವನ್ನು ಬರೆಯುವುದರಲ್ಲಿ ತಪ್ಪೇನಿದೆ?

ಶ್ಯಾಮಲಾ, ಮೈಸೂರು

ಈವರೆಗೆ ನಡೆದದ್ದನ್ನು ತಿಳಿಸುತ್ತೇನೆ. ಕುಂದುಕೊರತೆ ಅಧಿಕಾರಿಗೆ ಬರೆದ ಮೇಲೆ 412 ರೂಪಾಯಿ ಪೂರ್ತಿಯಾಗಿ ನನ್ನ ಖಾತೆಗೆ ಬಂದಿದೆ. ಆಹಾರದ ಬೆಲೆಯೆಂದು ಮಾತ್ರ ಸ್ವೀಕರಿಸಿದ್ದೇನೆ ಎಂದು ಉತ್ತರಿಸಿದ್ದೇನೆ. ವೈದ್ಯರ ಖರ್ಚಿನ ಬಗ್ಗೆ ಅವರು, ತಾವು ಕೇವಲ ಮಧ್ಯವರ್ತಿಗಳು, ಹೋಟೆಲಿನವರನ್ನೇ ಕೇಳಿ ಎಂದಿದ್ದಾರೆ. ಆಯೋಗಕ್ಕೆ ಹೋಗಬೇಕೇ ಎಂಬುದನ್ನು ಮನೆಯಲ್ಲಿ ಇನ್ನೂ ನಿರ್ಧರಿಸಿಲ್ಲ. ಆಹಾರ ಸುರಕ್ಷತಾಧಿಕಾರಿಗಳು ಅಡುಗೆಮನೆಗೆ ಹೋಗಿ ಬಂದಿದ್ದಾರೆಂದು ಕಚೇರಿಯಿಂದ ತಿಳಿಯಿತು, ಆದರೆ ಅಲ್ಲಿ ಏನು ಕಂಡಿತು ಎಂದು ಕೇಳಿದರೆ ಕ್ರಮ ಕೈಗೊಳ್ಳಲಾಗಿದೆ ಎಂಬ ಒಂದೇ ಸಾಲಿನ ಉತ್ತರ ಸಿಕ್ಕಿದೆ. ಆ್ಯಪ್‌ನಲ್ಲಿ ಮೂರೂ ಹೆಸರುಗಳು ಹಾಗೆಯೇ ಇವೆ. ಹೋಟೆಲಿನ ಹೆಸರನ್ನು ನಾನು ಹಂಚಿಲ್ಲ, ಹಂಚಬಾರದೆಂದು ಖಚಿತವಾಗಿ ಹೇಳುವುದಕ್ಕೂ ನನಗೆ ಮನಸ್ಸಿಲ್ಲ.

ನಿವೃತ್ತ ಆಹಾರ ಸುರಕ್ಷತಾಧಿಕಾರಿ, ದಾವಣಗೆರೆ

ಕ್ರಮ ಕೈಗೊಳ್ಳಲಾಗಿದೆ ಎಂದರೆ ಬಹುಶಃ 32ನೇ ಕಲಮಿನ ಸುಧಾರಣಾ ನೋಟಿಸ್ ಕೊಟ್ಟಿರಬಹುದು. ಲೋಪಗಳನ್ನು ಸರಿಪಡಿಸಲು ಅದರಲ್ಲಿ ಕನಿಷ್ಠ 14 ದಿನ ಕೊಡಬೇಕಾಗುತ್ತದೆ, ಆದ್ದರಿಂದ ಹೆಸರುಗಳು ಇನ್ನೂ ಆ್ಯಪ್‌ನಲ್ಲಿರುವುದು ಆಶ್ಚರ್ಯವಲ್ಲ. ಆ ಅವಧಿ ಕಳೆದ ಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ತಪಾಸಣಾ ವರದಿ, ನೋಟಿಸ್ ಮತ್ತು ಮರುತಪಾಸಣೆಯ ವರದಿಯ ಪ್ರತಿಗಳನ್ನು ಕೇಳಿ, 30 ದಿನಗಳಲ್ಲಿ ಉತ್ತರ ಬರಬೇಕು. ಮರುತಪಾಸಣೆ ಎಂಬ ಪದವನ್ನು ಅರ್ಜಿಯಲ್ಲಿ ತಪ್ಪದೆ ಬರೆಯಿರಿ. ನೋಟಿಸ್ ಕೊಟ್ಟ ಮೇಲೆ ಮತ್ತೆ ಹೋಗಿ ನೋಡಲು ಆಗದೆ ಉಳಿಯುವ ಕಡತಗಳು ನಮ್ಮ ಇಲಾಖೆಯಲ್ಲಿ ಇರುತ್ತವೆ, ಒಬ್ಬ ಅಧಿಕಾರಿಯ ವ್ಯಾಪ್ತಿ ಅಷ್ಟು ದೊಡ್ಡದು. ಯಾರಾದರೂ ಕೇಳಿದ ಕಡತ ಮಾತ್ರ ಬೇಗ ಮೇಲೆ ಬರುತ್ತದೆ.

ಶ್ಯಾಮಲಾ, ಮೈಸೂರು

ಹಾಗೆಯೇ ಅರ್ಜಿ ಹಾಕುತ್ತೇನೆ ಸರ್. ಮೂರು ಪ್ರತಿಗಳನ್ನೂ ಹೆಸರಿಸಿ ಕೇಳುತ್ತೇನೆ, ಉತ್ತರ ಬಂದ ದಿನ ಇಲ್ಲಿಯೇ ತಿಳಿಸುತ್ತೇನೆ.